ಆರ್ಡರ್‌ಗೆ 45 ರೂಪಾಯಿ ಅಂದರೆ ರೈಡರ್ ಕೈಗೆ ಅಷ್ಟೂ ಸಿಗುತ್ತದೆಯೇ?

ಊಟ ತಲುಪಿಸುವ ಡೆಲಿವರಿ ಕೆಲಸದ ಬಗ್ಗೆ ಕೇಳಿಬರುವ ಮಾತು ಇದು: “ಆರ್ಡರ್‌ಗೆ 45 ರೂಪಾಯಿ, ದಿನಕ್ಕೆ 20 ಆರ್ಡರ್, ತಿಂಗಳಿಗೆ 27 ಸಾವಿರ ಆರಾಮಾಗಿ ಉಳಿಯುತ್ತೆ.”

ಗುಣಾಕಾರ ಸರಿ, ಆದರೆ ಅದು ಉಳಿಕೆಯಲ್ಲ, ಕಳೆಯುವ ಮೊದಲಿನ ಮೊತ್ತ. ಬೆಂಗಳೂರಿನ ಒಂದು ಲೆಕ್ಕ ಹಾಕೋಣ. ಹೋಟೆಲಿನಿಂದ ಗ್ರಾಹಕರ ಮನೆಗೆ 3.5 ಕಿ.ಮೀ. ಇದ್ದರೂ ಹೋಟೆಲಿಗೆ ಹೋಗಲು 1.5, ಆರ್ಡರ್ ಸಿಗುವ ಕಡೆಗೆ ವಾಪಸ್ ಬರಲು 1 ಸೇರಿ ಗಾಡಿ ಓಡುವುದು 6 ಕಿ.ಮೀ. ಟ್ರಾಫಿಕ್ಕಿನಲ್ಲಿ ಸ್ಕೂಟರ್ ಲೀಟರ್‌ಗೆ 40 ಕಿ.ಮೀ. ಕೊಟ್ಟು, ಪೆಟ್ರೋಲ್ 100 ರೂಪಾಯಿ ಎಂದು ಹಿಡಿದರೆ 15 ರೂಪಾಯಿ ಹೋಯಿತು. ಟೈರ್, ಆಯಿಲ್, ಬ್ರೇಕ್ ಶೂ, ಬೆಲ್ಟ್, ಗಾಡಿಯ ಮರುಮಾರಾಟ ಬೆಲೆಯ ಇಳಿಕೆಗೆ ಕಿ.ಮೀ.ಗೆ 1 ರೂಪಾಯಿಯಾದರೂ ಬೇಕು, ಅಂದರೆ 6. ಉಳಿದದ್ದು 24.

ಹೆಚ್ಚಿನವರ ಲೆಕ್ಕದಲ್ಲಿ ಬಿಟ್ಟುಹೋಗುವುದು ಸಮಯ. ಓಡಾಟಕ್ಕೆ 20 ನಿಮಿಷ, ಹೋಟೆಲಿನಲ್ಲಿ ಕಾಯಲು 8, ಗೇಟು ಮತ್ತು ಲಿಫ್ಟಿಗೆ 4, ಮುಂದಿನ ಆರ್ಡರ್ ಬರಲು 8. ಒಟ್ಟು 40 ನಿಮಿಷಕ್ಕೆ 24 ರೂಪಾಯಿ, ಗಂಟೆಗೆ 36. ಹೀಗೆ 20 ಆರ್ಡರ್ ಮುಗಿಸಲು 13 ಗಂಟೆಗೂ ಹೆಚ್ಚು ಬೇಕು. ಇನ್ಸೆಂಟಿವ್, ಟಿಪ್ಸ್ ಬಂದರೆ ಮೊತ್ತ ಏರುತ್ತದೆ ನಿಜ, ಆದರೆ ಅವು ಪ್ರತಿ ದಿನವೂ ಸಿಗುವುದಿಲ್ಲ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಲಾಗಿನ್, ಲಾಗೌಟ್ ಹೊತ್ತಿಗೆ ಓಡೋಮೀಟರ್ ಫೋಟೋ ತೆಗೆದು ಆ್ಯಪ್ ತೋರಿಸುವ ದೂರದ ಜೊತೆ ಹೋಲಿಸಿ. ಒಮ್ಮೆ ಟ್ಯಾಂಕ್ ಪೂರ್ತಿ ತುಂಬಿಸಿ, ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು ನೋಡಿ, ನಡುವೆ ಓಡಿದ ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ. ಖರ್ಚು ಕಳೆದ ಮೊತ್ತವನ್ನು ಲಾಗಿನ್ ಆಗಿದ್ದ ಪೂರ್ತಿ ಗಂಟೆಗಳಿಂದ ಭಾಗಿಸಿ. ಬರೀ ಗಾಡಿ ಓಡಿಸಿದ ಗಂಟೆ ಹಿಡಿದರೆ ಮೇಲಿನ ಲೆಕ್ಕದಲ್ಲೇ 36 ಇದ್ದದ್ದು 72 ಆಗಿ ಕಾಣುತ್ತದೆ.