ಮಸಾಲೆ ಹೋಗಿ ಮೈಸೂರ್ ಬಂತು

ಮಾಸ್ಟ್ರೇ, ಈ ತಿಂಗಳ ಕೊನೆಗೆ ನೀವು ನಿವೃತ್ತರಾಗುತ್ತೀರಂತೆ. ಬೀಳ್ಕೊಡುಗೆಯ ದಿನ ಎರಡು ಮಾತು ಆಡು ಅಂತ ಹಳೆಯ ದೋಸ್ತಿಗಳು ನನಗೂ ಹೇಳಿದ್ದಾರೆ. ಉಳಿದವರು ನಿಮ್ಮನ್ನು ದೀಪ ಅನ್ನುತ್ತಾರೆ, ಏಣಿ ಅನ್ನುತ್ತಾರೆ, ಒಬ್ಬನಂತೂ ಆಲದ ಮರಕ್ಕೆ ಈಗಲೇ ಮುಂಗಡ ಕೊಟ್ಟಿಟ್ಟಿದ್ದಾನೆ. ನನ್ನ ಪಾಲಿಗೆ ಉಳಿದದ್ದು ದೋಸೆ. ಗಲ್ಲಾದ ಮೇಲೆ ಕೂತು ಬರೆಯುತ್ತಿದ್ದೇನೆ, ನಡುನಡುವೆ ಚಿಲ್ಲರೆ ಕೊಡಲು ನಿಲ್ಲಿಸಬೇಕಾಗುತ್ತದೆ, ಕ್ಷಮಿಸಿ.

ಮುಂಬೈ ಫೋರ್ಟಿನ ನಮ್ಮ ರಾತ್ರಿ ಶಾಲೆ ಶುರುವಾಗುತ್ತಿದ್ದದ್ದು ಸಂಜೆ ಆರೂವರೆಗೆ. ಹಗಲು ಅದೇ ಕೋಣೆಯಲ್ಲಿ ಮೂರನೆಯ ಕ್ಲಾಸಿನ ಮಕ್ಕಳು ಕೂರುತ್ತಿದ್ದರು. ಆ ಬೆಂಚಿನಲ್ಲಿ ನಾವು ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನಮ್ಮಲ್ಲಿ ಹೆಚ್ಚಿನವರು ಉಡುಪಿ ಹೋಟೆಲುಗಳ ಮಾಣಿಗಳು, ಕೆಲವರು ಆಫೀಸ್ ಕ್ಯಾಂಟೀನಿನವರು. ಯಾರು ಯಾವ ಹೋಟೆಲಿನವ ಅಂತ ನೀವು ಅಂಗಿಯ ಸಾಂಬಾರಿನ ವಾಸನೆಯಿಂದಲೇ ಹೇಳುತ್ತಿದ್ದಿರಿ. ಮನೆಯ ಮಾತು ತುಳು, ಗಿರಾಕಿಯ ಮಾತು ಹಿಂದಿ, ಬಸ್ಸಿನ ಬೋರ್ಡು ಮರಾಠಿ. ಕನ್ನಡ ಸಿಗುತ್ತಿದ್ದದ್ದು ಆ ಮೂರು ಗಂಟೆ ಮಾತ್ರ, ಅದರಲ್ಲೂ ಒಂದು ಗಂಟೆ ನಿದ್ದೆಗೆ ಹೋಗುತ್ತಿತ್ತು.

ಅಂಥ ನಿದ್ದೆಯ ಹೊತ್ತಿಗೇ ನೀವು ಛಂದಸ್ಸು ತೆಗೆದಿರಿ. ಕಪ್ಪು ಹಲಗೆಯ ಮೇಲೆ ಗಡುಗಿನ ಭಾರತದ ಮೊದಲ ಸಾಲು ಬಂತು: ‘ಶ್ರೀವನಿತೆಯರಸನೆ ವಿಮಲ ರಾ’. ಅಲ್ಲಿಗೇ ಸಾಲು ಮುಗಿಯಿತು. ‘ಜೀವ’ ಕೆಳಗಿನ ಸಾಲಿಗೆ ಹೋಯಿತು. ರಾಜೀವನ ಒಂದು ಕಾಲು ಪ್ಲಾಟ್‌ಫಾರ್ಮಿನಲ್ಲಿ, ಇನ್ನೊಂದು ಕಾಲು ಡಬ್ಬಿಯಲ್ಲಿ ಅಂತ ಹಿಂದಿನ ಬೆಂಚಿನವರು ನಕ್ಕರು. ನೀವು ಸಿಟ್ಟಾಗಲಿಲ್ಲ. “ಹೌದು ಮಾರಾಯ, ಲೆಕ್ಕ ತುಂಬಿದ ಕೂಡಲೇ ಗಾಡಿ ಬಿಡುತ್ತದೆ, ಪದ ಪೂರ್ತಿ ಹತ್ತಿದೆಯಾ ಅಂತ ನೋಡುವುದಿಲ್ಲ” ಅಂದಿರಿ.

ಲೆಕ್ಕ ಹೇಳಿಕೊಟ್ಟ ರೀತಿ ನನಗೆ ಈಗಲೂ ಬಾಯಿಪಾಠ. ಲಘು ಅಂದರೆ ಕಟಿಂಗ್ ಚಾ, ಗುರು ಅಂದರೆ ಫುಲ್ ಚಾ. ಎರಡು ಕಟಿಂಗಿಗೆ ಒಂದು ಫುಲ್. ಅ, ಇ, ಕ, ರು, ಎಲ್ಲ ಕಟಿಂಗ್. ಆ, ಈ, ಕಾ, ರೂ, ಎಲ್ಲ ಫುಲ್. ಭಾಮಿನಿ ಷಟ್ಪದಿಗೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಹೀಗೆ ಹದಿನಾಲ್ಕು ಕಟಿಂಗ್. ಮೂರನೆಯ ಮತ್ತು ಆರನೆಯ ಸಾಲು ಉದ್ದ: ಮೂರು-ನಾಲ್ಕರ ಜೋಡಿ ಮೂರು ಸಲ, ಕೊನೆಗೆ ಒಂದು ಫುಲ್. ಒಟ್ಟು ಇಪ್ಪತ್ತಮೂರು.

ನಾನು ಜಾರಿದ್ದು ಒತ್ತಕ್ಷರದಲ್ಲಿ. ‘ಚಟ್ನಿ’ ಅಂತ ಕೊಟ್ಟಿರಿ. ಕಣ್ಣಿಗೆ ದಪ್ಪ ಕಾಣುವುದು ‘ಟ್ನಿ’, ಹಾಗಾಗಿ ಗುರುವಿನ ಗೆರೆಯನ್ನು ಅದರ ತಲೆಯ ಮೇಲೆ ಎಳೆದೆ. ನೀವು ನನ್ನನ್ನು ಎಬ್ಬಿಸಿ ಕೇಳಿದಿರಿ: “ವಿರಾರ್ ಲೋಕಲಿನಲ್ಲಿ ಹಿಂದಿನವ ಒತ್ತಿದರೆ ಪೆಟ್ಟು ಯಾರಿಗೆ?”

“ಮುಂದೆ ನಿಂತವನಿಗೆ ಮಾಸ್ಟ್ರೇ.”

“ಅದಕ್ಕೇ ಅದು ಒತ್ತಕ್ಷರ. ಒತ್ತುವುದು ಟ್ನಿ, ಭಾರ ಬೀಳುವುದು ಚ ಮೇಲೆ. ಚ ಗುರು, ಟ್ನಿ ಲಘು. ಚಟ್ನಿಗೆ ಮೂರೇ ಮಾತ್ರೆ, ಕೂತುಕೋ.”

ಆಮೇಲೆ ಮನೆಗೆಲಸ ಕೊಟ್ಟಿರಿ: ನಿಮ್ಮ ನಿಮ್ಮ ಕೆಲಸದ ಬಗ್ಗೆ ಒಂದೊಂದು ಭಾಮಿನಿ ಬರೆದು ತನ್ನಿ. ‘ಮನೆ’ಗೆಲಸ! ನಾವು ಮಲಗುತ್ತಿದ್ದದ್ದು ಗಿರಾಕಿಗಳು ಹೋದ ಮೇಲೆ ಜೋಡಿಸಿದ ಮೇಜುಗಳ ಮೇಲೆ. ಅಲ್ಲೇ ಬಿದ್ದುಕೊಂಡು ದಿನಕ್ಕೆ ನೂರು ಸಲ ಅಡಿಗೆಮನೆಯ ಕಿಟಕಿಗೆ ಕೂಗುವ ‘ದೋ ಸಾದಾ ಏಕ್ ಮಸಾಲಾ’ವನ್ನು ಕನ್ನಡಕ್ಕೆ ತಿರುಗಿಸಿದೆ. ಎರಡು ಸಾದಾ ಒಂದು ಮಸಾಲೆ. ಎಣಿಸಿದರೆ ಮೂರು, ನಾಲ್ಕು, ಮೂರು, ನಾಲ್ಕು! ಹದಿನಾಲ್ಕು! ಮೇಜಿನ ಮೇಲೆ ಎದ್ದು ಕೂತೆ, ಪಕ್ಕದ ಮೇಜಿನ ಕುಂದಾಪುರದವ ತಿಗಣೆ ಕಚ್ಚಿತಾ ಅಂತ ಕೇಳಿದ.

ಮರುದಿನ ಎದೆ ಉಬ್ಬಿಸಿ ಓದಿದೆ. ನೀವು ಕೈಯಲ್ಲಿ ತಾಳ ಹಾಕುತ್ತ ಕೇಳಿದಿರಿ, ಕೊನೆಗೆ ಮುಖ ಹುಳಿ ಮಾಡಿದಿರಿ. “ಲೆಕ್ಕ ಸರಿ, ನಡಿಗೆ ತಪ್ಪು. ಮಸಾಲೆ ಕುಂಟುತ್ತಿದೆ.”

ಕುಂಟುವ ಮಸಾಲೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೀವು ತೋರಿಸಿದಿರಿ. ಪ್ರತಿ ಗಣದ ಮೊದಲ ಅಕ್ಷರಕ್ಕೆ ಚಪ್ಪಾಳೆ ತಟ್ಟಬೇಕು. ‘ಎ’ಗೆ ಒಂದು, ‘ಸಾ’ಗೆ ಒಂದು, ‘ಒಂ’ಗೆ ಒಂದು, ಅಲ್ಲಿಯವರೆಗೆ ಹಾಯಾಗಿತ್ತು. ನಾಲ್ಕನೆಯದಕ್ಕೆ ಬಂದಾಗ ಕೈ ‘ಮ’ ಮೇಲೆ ಬಿತ್ತು, ನಾಲಿಗೆ ಮಾತ್ರ ‘ಸಾ’ ಮೇಲೆ ಊರಿತು. ಕೈ ಒಂದು ಕಡೆ, ನಾಲಿಗೆ ಒಂದು ಕಡೆ. ಗಣದ ಬಾಗಿಲಲ್ಲೇ ಲಘು ನಿಂತು ಅದರ ಬೆನ್ನಿಗೆ ಗುರು ಬಂದರೆ ಹೀಗಾಗುತ್ತದೆ, ಷಟ್ಪದಿ ಅದನ್ನು ಸಹಿಸುವುದಿಲ್ಲ ಅಂದಿರಿ. ನಾವೆಲ್ಲ ಸೇರಿ ಹತ್ತು ಸಲ ತಟ್ಟಿ ನೋಡಿದೆವು. ಹತ್ತು ಸಲವೂ ಎಡವಿದೆವು. ಅಷ್ಟು ಹೊತ್ತಿಗೆ ಮಲಗಿದವರೆಲ್ಲ ಎದ್ದಿದ್ದರು, ಅದು ಬೇರೆ ಲಾಭ.

ಈಗ ಮಸಾಲೆಯ ಜಾಗಕ್ಕೆ ಏನು? ಇಡೀ ಕ್ಲಾಸು ಮೆನು ಹೇಳತೊಡಗಿತು. ಇಡ್ಲಿ? ಮೂರೇ ಮಾತ್ರೆ, ಒಂದು ಕಟಿಂಗ್ ಕಡಿಮೆ. ಪೂರಿ? ಅದೂ ಮೂರು. ಉತ್ತಪ್ಪ? ಐದು, ಚೆಲ್ಲುತ್ತದೆ. ಕೊನೆಯ ಬೆಂಚಿನಿಂದ, ಆಗಷ್ಟೇ ಕಣ್ಣು ಬಿಟ್ಟ ಒಬ್ಬ, “ಮೈಸೂರ್” ಅಂದ. ನಮ್ಮ ಮುಂಬೈ ಹೋಟೆಲುಗಳಲ್ಲಿ ಮೈಸೂರು ಮಸಾಲೆಯನ್ನು ಪೂರ್ತಿ ಹೆಸರು ಹಿಡಿದು ಕರೆಯುವಷ್ಟು ಪುರಸೊತ್ತು ಯಾರಿಗೂ ಇಲ್ಲ. ನೀವು ಸೀಮೆಸುಣ್ಣ ಎತ್ತಿಕೊಂಡಿರಿ. ‘ಮೈಸೂರು’ ಅಂದರೆ ಐದು. ಹೋಟೆಲಿನವರು ಕೊನೆಯ ಉಕಾರ ನುಂಗಿ ‘ಮೈಸೂರ್’ ಅಂದಾಗ ಆ ರ್ ಹೋಗಿ ಸೂ ಮಡಿಲಲ್ಲಿ ಕೂರುತ್ತದೆ, ಎರಡು ಗುರು, ನಾಲ್ಕು ಮಾತ್ರೆ. ಚಪ್ಪಾಳೆ ‘ಮೈ’ ಮೇಲೆ ನೆಟ್ಟಗೆ ಬಿತ್ತು. ಆ ಸಾಲು ಸಿಕ್ಕಿದ್ದೇ ಎಲ್ಲರೂ ಸೇರಿ ಉಳಿದ ಐದು ಸಾಲು ಕಟ್ಟಿದೆವು. ಪ್ರತಿ ಸಾಲಿನ ಎರಡನೆಯ ಅಕ್ಷರ ರಕಾರವೇ ಇರಬೇಕು, ಅದು ಪ್ರಾಸ ಅಂತ ನೀವು ಬೆತ್ತ ಹಿಡಿದು ಕಾವಲು ನಿಂತಿರಿ.

ಎರಡು ಸಾದಾ ಒಂದು ಮೈಸೂರ್
ಹೊರಗೆ ನಿಂತಿಹ ನಾಲ್ಕು ಮಂದಿಗೆ
ಬರಲಿ ಚಟ್ನಿಯು ಬಿಸಿಯ ಸಾಂಬಾರ್ ಬೇಗ ಕಳಿಸಣ್ಣಾ
ಮರೆತುಬಿಟ್ಟರೆ ಧಣಿಯು ಬೈವರು
ಕರೆದು ಕರೆದೂ ಗಂಟಲಾರಿತು
ಪರಮ ಭಟ್ಟರೆ ನಿಮ್ಮ ಕಾವಲಿ ಕಾದು ಕುಳಿತಿಹುದು

ಕೊನೆಯ ‘ದು’ ಕಟಿಂಗೇ ಆದರೂ ಸಾಲಿನ ತುದಿಯಲ್ಲಿ ನಿಂತದ್ದಕ್ಕೆ ಫುಲ್ ಅಂತ ಬಿಲ್ ಮಾಡಬಹುದು ಎಂದು ನೀವು ರಿಯಾಯಿತಿ ಕೊಟ್ಟಿರಿ. ನಾಲ್ಕು ಮಂದಿಗೆ ಮೂರೇ ದೋಸೆ ಯಾಕೆ ಅಂತ ಯಾರೂ ಕೇಳಲಿಲ್ಲ.

ಇಲ್ಲಿಯವರೆಗಿನದು ನಿಮಗೆ ಗೊತ್ತು. ಮರುದಿನ ಮಧ್ಯಾಹ್ನ ಆದದ್ದನ್ನು ನಾನು ನಿಮಗೆ ಅರ್ಧ ಮಾತ್ರ ಹೇಳಿದ್ದೆ. ಒಂದು ಗಂಟೆಯ ಗರ್ದಿ. ಆರನೆಯ ಟೇಬಲಿಗೆ ಷೇರು ಪೇಟೆಯ ಕಡೆಯ ಮೂವರು ಬಂದರು, ಅದರಲ್ಲಿ ಒಬ್ಬರಿಗೆ ಹೊಟ್ಟೆಹುಣ್ಣು. ಖಾರ ಬೇಡ ಅಂತ ದಿನಾ ಹೇಳಿಯೇ ಕೂರುವವರು. ಎರಡು ಸಾದಾ, ಅವರಿಗೊಂದು ಮಸಾಲಾ. ನಾನು ಕಿಟಕಿಗೆ ಓಡಿದೆ. ರಾತ್ರಿಯಿಡೀ ನಾಲಿಗೆಯಲ್ಲಿ ಉರುಳಿದ್ದ ಸಾಲು ತಾನಾಗಿ ಹೊರಬಿತ್ತು, ಅದೂ ರಾಗದಲ್ಲಿ: “ಎರಡು ಸಾದಾ ಒಂದು ಮೈಸೂರ್!”

ನಮ್ಮ ಭಟ್ರು ಊರಿನಲ್ಲಿ ಯಕ್ಷಗಾನದ ಹುಚ್ಚಿನವರು. ಬೇರೆ ದಿನ ಆಗಿದ್ದರೆ “ಯಾರಿಗೆ ಮೈಸೂರ್?” ಅಂತ ಒಂದು ಸಲ ಕೇಳುತ್ತಿದ್ದರು. ಅವತ್ತು ಕಿವಿಗೆ ಭಾಮಿನಿ ಬಿತ್ತಲ್ಲ, ಭಾಗವತರೇ ಕರೆದ ಹಾಗೆ ಆಗಿರಬೇಕು. ಮೊಗಚುವ ಕೈ ಎತ್ತಿ ತಲೆದೂಗಿದರು, ಕೆಂಪು ಚಟ್ನಿಯನ್ನು ಎರಡು ಸುತ್ತು ಹೆಚ್ಚಿಗೆ ಸವರಿದರು. ಸಾಹೇಬರು ಪೇಪರ್ ಓದುತ್ತ ಮೊದಲ ತುತ್ತು ಬಾಯಿಗಿಟ್ಟರು. ಆಮೇಲೆ ಅವರ ಬಾಯಿಂದ ಬಂದ ಗುಜರಾತಿಗೆ ಯಾವ ಛಂದಸ್ಸೂ ಇರಲಿಲ್ಲ. ಮೂರು ಗ್ಲಾಸು ನೀರು, ಒಂದು ತಟ್ಟೆ ಮೊಸರು, ಕೊನೆಗೆ ಧಣಿಗಳೇ ಗಲ್ಲಾ ಬಿಟ್ಟು ಎದ್ದು ಬಂದರು.

“ಮಸಾಲಾ ಅಂದದ್ದಕ್ಕೆ ಮೈಸೂರ್ ಯಾಕೆ ಕೂಗಿದೆ ಮಾರಾಯ?”

ಸುಳ್ಳು ಹೇಳಲು ಹೊಳೆಯಲಿಲ್ಲ. “ಛಂದಸ್ಸಿಗೋಸ್ಕರ, ಧಣಿ.”

ಧಣಿಗಳು ಹೋಟೆಲಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದರು. “ಯಾವ ಛಂದಸ್ಸು? ಅವನ ಟೇಬಲ್ ನಂಬರ್ ಎಷ್ಟು?”

ಮಸಾಲೆಗೂ ಮೈಸೂರಿಗೂ ಇದ್ದ ವ್ಯತ್ಯಾಸ ಮೂರು ರೂಪಾಯಿ ನನ್ನ ಸಂಬಳದಲ್ಲಿ ಮುರಿದರು. ಮೊಸರಿನದನ್ನು ಭಟ್ರ ಲೆಕ್ಕಕ್ಕೆ ಬರೆದರು. ತಲೆದೂಗಿದ ತಪ್ಪಿಗೆ ಇರಬೇಕು. ಆ ರಾತ್ರಿ ನಿಮಗೆ ಮೂರು ರೂಪಾಯಿಯ ವಿಷಯ ಮಾತ್ರ ಹೇಳಿದೆ, ಹೊಟ್ಟೆಹುಣ್ಣಿನದು ಹೇಳಲಿಲ್ಲ. ಮಾಸ್ಟ್ರಿಗೆ ಪಾಪಪ್ರಜ್ಞೆ ಬರುವುದು ಬೇಡ ಅಂತ ಆಗ ಅಂದುಕೊಂಡಿದ್ದೆ. ನಿಜ ಹೇಳುವುದಾದರೆ ಬೆತ್ತದ ಹೆದರಿಕೆ.

ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಆಮೇಲೆ ಕಿಸೆಯಿಂದ ಮೂರು ರೂಪಾಯಿ ತೆಗೆದು ನನ್ನ ಕೈಯಲ್ಲಿಟ್ಟು, “ಇದು ಮೊದಲ ಗಣ. ಎರಡನೆಯ ಗಣ ನೀನು ಎಸ್.ಎಸ್.ಸಿ. ಪಾಸಾದ ಮೇಲೆ” ಅಂದಿರಿ.

ನಾನು ಪಾಸಾದ ಸುದ್ದಿ ನಿಮಗೆ ಮುಟ್ಟುವಷ್ಟರಲ್ಲಿ ಧಣಿಗಳು ನನ್ನನ್ನು ಡೊಂಬಿವಲಿಯ ಹೊಸ ಹೋಟೆಲಿಗೆ ಕಳಿಸಿಯಾಗಿತ್ತು. ಈಗ ಅಲ್ಲೇ ನನ್ನದೊಂದು ಸಣ್ಣ ಹೋಟೆಲಿದೆ. ಆರ್ಡರೆಲ್ಲ ಮೊಬೈಲಿನಲ್ಲಿ ಒತ್ತುತ್ತಾರೆ, ಕಿಟಕಿಗೆ ಕೂಗುವವರು ಯಾರೂ ಇಲ್ಲ. ಮೊನ್ನೆ ಒಬ್ಬ ಹುಡುಗ ಮಸಾಲೆಯ ಬದಲು ಮೈಸೂರ್ ಒತ್ತಿಬಿಟ್ಟ. ಬೈಯಲು ಬಾಯಿ ತೆರೆದವನು, ನೀನೇನಾದರೂ ರಾತ್ರಿ ಶಾಲೆಗೆ ಹೋಗುತ್ತೀಯಾ ಅಂತ ಕೇಳಿದೆ. ಇಲ್ಲ ಅಂದ. ಹಾಗಾದರೆ ಬೈದದ್ದೇ ಸರಿ ಅಂತ ಬೈದೆ.

ಬೀಳ್ಕೊಡುಗೆಗೆ ಬರುತ್ತೇನೆ ಮಾಸ್ಟ್ರೇ. ಶಾಲು, ಹಣ್ಣಿನ ಬುಟ್ಟಿ ಉಳಿದವರು ತರುತ್ತಾರೆ. ನೀವು ನಾಲ್ಕು ರೂಪಾಯಿ ಚಿಲ್ಲರೆ ಇಟ್ಟುಕೊಂಡಿರಿ. ಎರಡರ ನಾಣ್ಯ ಎರಡು ಆದರೆ ಒಳ್ಳೆಯದು. ಒಂದು, ಎರಡು, ಒಂದು ಅಂತ ಕೊಟ್ಟರೆ ನಾನು ತೆಗೆದುಕೊಳ್ಳುವುದಿಲ್ಲ, ಕುಂಟುತ್ತದೆ.