ಮೂರು ಪ್ರಾಜೆಕ್ಟ್ ಮುಚ್ಚಿದವು ಎಂದು ಪತ್ರದಲ್ಲೇ ಬರೆದಿದ್ದೇನೆ

ಹೊಸ ಕೆಲಸಕ್ಕೆ ಅರ್ಜಿ ಹಾಕುವಾಗ ಬಯೋಡೇಟಾದ ಜೊತೆ ಒಂದು ಪುಟದ ಪತ್ರ ಕಳುಹಿಸುತ್ತೇವಲ್ಲ, ಅದರಲ್ಲಿ ಪ್ರಾಜೆಕ್ಟ್ ಮುಚ್ಚಿದ ಸುದ್ದಿಯನ್ನು ಎತ್ತಲೇಬೇಡ ಎಂದು ನನಗೆ ಬುದ್ಧಿ ಹೇಳಿದವರು ಬಹಳ. "ಇನ್ನೂ ಒಳ್ಳೆಯ ಅವಕಾಶ ಹುಡುಕುತ್ತಿದ್ದೇನೆ ಎಂದು ಬರೆದುಬಿಡು, ಸಾಕು" ಎನ್ನುವುದು ಅವರ ಸಲಹೆ. ನಾನು ಒಪ್ಪಲಿಲ್ಲ. ನಾನಿದ್ದ ಮೂರು ಪ್ರಾಜೆಕ್ಟ್‌ಗಳು ಒಂದರ ಹಿಂದೆ ಒಂದು ಮುಚ್ಚಿದವು ಎಂಬುದನ್ನು ಪತ್ರದ ಎರಡನೆಯ ವಾಕ್ಯದಲ್ಲೇ ಬರೆದಿದ್ದೇನೆ.

ಕಾರಣ ಸರಳ. ನನ್ನ ಬಯೋಡೇಟಾದಲ್ಲಿ ಒಂದೇ ಕಂಪನಿಯ ಕೆಳಗೆ ಮೂರು ಉತ್ಪನ್ನಗಳ ಹೆಸರಿವೆ, ಯಾವುದೂ ಒಂದೂವರೆ ವರ್ಷ ದಾಟಿಲ್ಲ. ಅರ್ಜಿ ನೋಡುವವರು ಮೊದಲು ಕಣ್ಣಾಡಿಸುವುದೇ ಇಸವಿ, ತಿಂಗಳುಗಳ ಮೇಲೆ. ನಾನು ಹೇಳದಿದ್ದರೆ ಅವರೇ ಒಂದು ಕಥೆ ಕಟ್ಟಿಕೊಳ್ಳುತ್ತಾರೆ: ಈತ ಯಾವುದನ್ನೂ ಮುಗಿಸುವವನಲ್ಲ, ತಂಡದಿಂದ ತಂಡಕ್ಕೆ ಎತ್ತಿ ಹಾಕಿದ್ದಾರೆ ಎಂದು. ಆ ಕಥೆಯನ್ನು ಸುಳ್ಳು ಎಂದು ಹೇಳುವ ಅವಕಾಶವೂ ನನಗೆ ಸಿಗುವುದಿಲ್ಲ, ಏಕೆಂದರೆ ಮಾತುಕತೆಗೆ ಕರೆಯೇ ಬಂದಿರುವುದಿಲ್ಲ.

ಕಲಬುರಗಿಯ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವವರ ಪಾಡು ಇನ್ನೊಂದು ಬಗೆಯದು. ಯಾರದೋ ಗೃಹಪ್ರವೇಶಕ್ಕೆ ಹೋದರೆ ಪಂಕ್ತಿಯಲ್ಲೇ ಶುರು. "ಏನಪ್ಪಾ, ನಿನ್ನ ಕಂಪನಿ ಮತ್ತೆ ಮುಚ್ಚಿತಂತೆ?" "ಕಂಪನಿ ಅಲ್ಲ ಕಾಕಾ, ಪ್ರಾಜೆಕ್ಟ್." "ಎರಡೂ ಒಂದೇ. 371(ಜೆ) ಮೀಸಲಾತಿ ಇದೆ, ಸರ್ಕಾರಿ ಪರೀಕ್ಷೆ ಬರೆ." ಕಾಕಾನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಪ್ರಾಜೆಕ್ಟ್ ಮುಚ್ಚುವುದೆಂದರೆ ಒಂದು ಗುಂಡಿ ಒತ್ತಿ ಮನೆಗೆ ಹೋಗುವುದು ಎಂಬ ಕಲ್ಪನೆ ಅವನಿಗೂ ಇದೆ, ನಮ್ಮ ಕ್ಷೇತ್ರದ ಅನೇಕರಿಗೂ ಇದೆ. ನನ್ನ ಪತ್ರ ನಿಂತಿರುವುದೇ ಆ ಕಲ್ಪನೆ ತಪ್ಪು ಎನ್ನುವುದರ ಮೇಲೆ.

ಮೂರನೆಯ ಪ್ರಾಜೆಕ್ಟ್ ಔಷಧ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ. ಅಂಗಡಿಯವರು ತಿಂಗಳ ಚಂದಾ ಕಟ್ಟಿ ಬಳಸುತ್ತಿದ್ದರು. ಸಾಕಷ್ಟು ಗ್ರಾಹಕರು ಸಿಗಲಿಲ್ಲವೆಂದು ಆಡಳಿತ ಅದನ್ನು ನಿಲ್ಲಿಸಲು ತೀರ್ಮಾನಿಸಿತು. ಹೊಸದನ್ನು ಕಟ್ಟುವವರನ್ನು ಬೇರೆ ತಂಡಗಳಿಗೆ ಕಳುಹಿಸಿದರು. ಮುಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ತೊಡಕು ಅಂಗಡಿಯವರ ಬಿಲ್ಲುಗಳದ್ದು. ಜಿಎಸ್‌ಟಿ ಕಾನೂನಿನ ಪ್ರಕಾರ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ನಾವು ಸರ್ವರ್ ಆರಿಸಿದರೂ ಅಂಗಡಿಯವರ ಆ ಹೊಣೆ ಆರುವುದಿಲ್ಲ. ಹಾಗಾಗಿ ಪ್ರತಿಯೊಂದು ಅಂಗಡಿಗೂ ಅದರ ಬಿಲ್ಲುಗಳನ್ನೆಲ್ಲ ತಿಂಗಳುವಾರು ಕಡತಗಳಾಗಿ ತೆಗೆದುಕೊಡಬೇಕಿತ್ತು. ಕೊಡುವುದಕ್ಕಿಂತ, ಕೊಟ್ಟದ್ದು ಸರಿಯಿದೆಯೇ ಎಂದು ತಿಳಿಯುವುದು ಕಷ್ಟ. ನಾನು ಹಿಡಿದ ದಾರಿ ಇದು: ಅಂಗಡಿಯವರು ಆಯಾ ತಿಂಗಳು ನಮ್ಮ ತಂತ್ರಾಂಶದಿಂದಲೇ ತೆಗೆದು ರಿಟರ್ನಿಗೆ ಬಳಸಿದ ವರದಿಯಲ್ಲಿ ಎಷ್ಟು ಬಿಲ್ಲು, ಒಟ್ಟು ಎಷ್ಟು ಮೊತ್ತ ಎಂದು ಇರುತ್ತದೆ, ಹೊಸ ಕಡತದಲ್ಲೂ ಅವೆರಡೂ ಅಷ್ಟೇ ಬರಬೇಕು.

ಬಹುತೇಕ ಅಂಗಡಿಗಳದ್ದು ತಾಳೆಯಾಯಿತು. ಆಸ್ಪತ್ರೆಯ ಎದುರಿನ, ರಾತ್ರಿಯಿಡೀ ತೆರೆದಿರುವ ಒಂದು ಅಂಗಡಿಯದ್ದು ಮಾತ್ರ ಪ್ರತಿ ತಿಂಗಳೂ ಸ್ವಲ್ಪ ಹೆಚ್ಚು ಕಡಿಮೆ. ಇಡೀ ವರ್ಷದ ಒಟ್ಟು ಹೆಚ್ಚು ಕಡಿಮೆ ಸರಿ ಹೊಂದುತ್ತದೆ, ತಿಂಗಳುಗಳದ್ದು ಹೊಂದುವುದಿಲ್ಲ. ಬಿಲ್ಲು ಕಳೆದುಹೋಗಿದ್ದರೆ ವರ್ಷದ ಮೊತ್ತವೂ ಅಷ್ಟೇ ತಗ್ಗಬೇಕಿತ್ತು. ಹಾಗಾಗಿಲ್ಲ ಎಂದ ಮೇಲೆ ಬಿಲ್ಲುಗಳು ಒಂದು ತಿಂಗಳಿನಿಂದ ಇನ್ನೊಂದಕ್ಕೆ ಜಾರಿವೆ ಎಂದೇ ಅರ್ಥ. ನಮ್ಮ ದತ್ತಸಂಚಯ ಸಮಯವನ್ನು ಇಡುತ್ತಿದ್ದದ್ದು ಜಾಗತಿಕ ಸಮಯದಲ್ಲಿ, ಅದು ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಒಂದನೆಯ ತಾರೀಕು ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಮಾಡಿದ ಬಿಲ್ಲು ಅಲ್ಲಿ ಹಿಂದಿನ ತಿಂಗಳ ಕೊನೆಯ ದಿನದ್ದಾಗಿ ಕೂತಿತ್ತು. ಹಗಲು ವ್ಯಾಪಾರದ ಅಂಗಡಿಗಳಲ್ಲಿ ಆ ಹೊತ್ತಿಗೆ ಬಿಲ್ಲೇ ಇರುವುದಿಲ್ಲ, ಆದ್ದರಿಂದ ದೋಷವೂ ಕಾಣಲಿಲ್ಲ. ಸಮಯವನ್ನು ಮೊದಲು ಭಾರತದ್ದಕ್ಕೆ ತಿರುಗಿಸಿ, ಆಮೇಲೆ ತಿಂಗಳು ವಿಂಗಡಿಸುವಂತೆ ಮಾಡಿ, ಎಲ್ಲ ಅಂಗಡಿಗಳ ಕಡತಗಳನ್ನೂ ಮತ್ತೆ ತೆಗೆದೆವು.

ಎರಡನೆಯದು ಚಂದಾ ಹಣ. ಯುಪಿಐ ಆಟೋಪೇಯಲ್ಲಿ ಅಂಗಡಿಯವರು ಒಮ್ಮೆ ಒಪ್ಪಿಗೆ ಕೊಟ್ಟಿರುತ್ತಾರೆ; ತಿಂಗಳು ತಿಂಗಳು ಹಣ ಕಡಿತ ನಡೆಸುತ್ತಿದ್ದದ್ದು ನಮ್ಮ ಸರ್ವರ್ ಅಲ್ಲ, ಪಾವತಿ ಸೇವೆಯವರ ವ್ಯವಸ್ಥೆ. ನಾವು ಸರ್ವರನ್ನು ಮೊದಲೇ ಆರಿಸಿದ್ದರೆ ತಂತ್ರಾಂಶ ಸತ್ತ ಮೇಲೂ ಚಂದಾ ಹೋಗುತ್ತಲೇ ಇರುತ್ತಿತ್ತು. ಇಷ್ಟೇ ಅಲ್ಲ, ಒಪ್ಪಿಗೆ ರದ್ದಾಯಿತು ಎಂಬ ಖಾತ್ರಿ ಬಂದು ಸೇರುತ್ತಿದ್ದದ್ದೂ ಅದೇ ಸರ್ವರಿಗೆ. ಆದ್ದರಿಂದ ರದ್ದು ಕೋರಿಕೆ ಮೊದಲು, ಒಂದೊಂದಕ್ಕೂ ಖಾತ್ರಿ ಬಂದದ್ದನ್ನು ನೋಡುವುದು ನಂತರ, ಸರ್ವರ್ ಆರಿಸುವುದು ಎಲ್ಲಕ್ಕಿಂತ ಕೊನೆಗೆ. ಬೇಗ ಆರಿಸಿದರೆ ಕ್ಲೌಡ್ ಬಾಡಿಗೆ ಉಳಿಯುತ್ತದೆ ಎಂದು ಮೇಲಿನಿಂದ ಒತ್ತಡವಿತ್ತು. ಖಾತ್ರಿ ಬಾರದ ಅಂಗಡಿಗಳ ಪಟ್ಟಿಯನ್ನು ಮುಂದಿಟ್ಟ ಮೇಲೆ ಯಾರೂ ಮಾತನಾಡಲಿಲ್ಲ.

ಇದನ್ನೆಲ್ಲ ಪತ್ರದಲ್ಲಿ ತುಂಬಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆದ ಪತ್ರದ ನಡುವಿನ ಭಾಗದ ತಿರುಳು ಕನ್ನಡದಲ್ಲಿ ಹೀಗಿದೆ:

"ನಾನು ಕೆಲಸ ಮಾಡಿದ ಮೂರು ಉತ್ಪನ್ನಗಳನ್ನು ಕಂಪನಿ ವ್ಯಾವಹಾರಿಕ ಕಾರಣಗಳಿಂದ ನಿಲ್ಲಿಸಿತು. ಕೊನೆಯದನ್ನು ಮುಚ್ಚುವ ತಾಂತ್ರಿಕ ಹೊಣೆ ನನ್ನದಾಗಿತ್ತು: ಗ್ರಾಹಕರ ಲೆಕ್ಕಪತ್ರಗಳನ್ನು ತಾಳೆ ನೋಡಿ ಹಿಂದಿರುಗಿಸಿದೆ, ಚಂದಾ ಕಡಿತಗಳನ್ನೆಲ್ಲ ರದ್ದು ಮಾಡಿಸಿದ ನಂತರವೇ ಸೇವೆಯನ್ನು ನಿಲ್ಲಿಸಿದೆ. ಒಂದು ತಂತ್ರಾಂಶದ ಹುಟ್ಟಿನಿಂದ ಕೊನೆಯವರೆಗಿನ ಎಲ್ಲ ಹಂತಗಳಲ್ಲೂ ದುಡಿದಿದ್ದೇನೆ. ಇನ್ನು ವರ್ಷಗಟ್ಟಲೆ ಬಳಕೆಯಲ್ಲಿರುವ, ಹಳೆಯ ಕೋಡನ್ನು ಸುಧಾರಿಸುತ್ತಾ ಹೋಗಬೇಕಾದ ಉತ್ಪನ್ನದಲ್ಲಿ ಕೆಲಸ ಮಾಡುವ ಆಸೆಯಿದೆ."

"ವ್ಯಾವಹಾರಿಕ ಕಾರಣಗಳಿಂದ" ಎನ್ನುವುದು ನುಣುಚಿಕೊಳ್ಳುವ ಮಾತು ಎಂದು ಗೆಳೆಯನೊಬ್ಬ ಮೂಗು ಮುರಿದ. ಆದರೆ ಎಷ್ಟು ಅಂಗಡಿಗಳಿದ್ದವು, ಎಷ್ಟು ನಷ್ಟವಾಯಿತು ಎಂಬುದು ಕಂಪನಿಯ ಗುಟ್ಟು, ಅದನ್ನು ಹೊರಗೆ ಹೇಳುವ ಹಕ್ಕು ನನಗಿಲ್ಲ. ಹಳೆಯ ಯಜಮಾನರ ಗುಟ್ಟನ್ನು ಪತ್ರದಲ್ಲಿ ಬಿಚ್ಚಿಡುವವನು ನಾಳೆ ತಮ್ಮದನ್ನೂ ಬಿಚ್ಚಿಟ್ಟಾನು ಎಂದು ಓದುವವರಿಗೆ ಅನ್ನಿಸದೇ ಇರುವುದಿಲ್ಲ. ಅದೇ ಕಾರಣಕ್ಕೆ ಕೋಡಿನ ತುಣುಕನ್ನೂ ಜೊತೆಗಿಟ್ಟಿಲ್ಲ. ಇನ್ನೊಂದು ಕಡೆ, "ಯಶಸ್ವಿಯಾಗಿ ಪೂರ್ಣಗೊಳಿಸಿದೆ" ಎಂದೂ ಬರೆದಿಲ್ಲ. ನೇಮಕಕ್ಕೆ ಮುಂಚೆ ಹಿಂದಿನ ಕಂಪನಿಯಲ್ಲಿ ವಿಚಾರಿಸುತ್ತಾರೆ. ಮುಚ್ಚಿದ್ದನ್ನು ಮುಗಿಸಿದೆ ಎಂದು ಬರೆದು ಸಿಕ್ಕಿಬಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತದೆ.

ಬೈಗುಳ ಒಂದೂ ಇಲ್ಲ. ಸಿಟ್ಟಿಲ್ಲವೆಂದಲ್ಲ, ಬೇಕಾದಷ್ಟಿದೆ, ಎರಡನೆಯ ಪ್ರಾಜೆಕ್ಟ್ ನಿಂತ ಸುದ್ದಿ ನಮಗೆ ತಿಳಿದದ್ದು ಗ್ರಾಹಕರೊಬ್ಬರ ಬಾಯಿಂದ. ಅದನ್ನು ಹೇಳಿಕೊಳ್ಳಲು ಈ ಬರಹ ಸಾಕು.

ಮಾತುಕತೆಗೆ ಕರೆದರೆ ನಾನೂ ಎರಡು ಪ್ರಶ್ನೆ ಕೇಳುವವನಿದ್ದೇನೆ: ಈ ಉತ್ಪನ್ನಕ್ಕೆ ಈಗ ಹಣ ಕೊಡುತ್ತಿರುವವರು ಯಾರು, ಗ್ರಾಹಕರೋ ಹೂಡಿಕೆದಾರರೋ? ಕಳೆದ ವರ್ಷದ ಗ್ರಾಹಕರು ಈ ವರ್ಷ ಚಂದಾ ನವೀಕರಿಸಿದ್ದಾರೆಯೇ? ಇವನ್ನು ಪತ್ರದಲ್ಲಿ ಹಾಕಿಲ್ಲ, ಎದುರು ಕುಳಿತಾಗ ಕೇಳಿದರೆ ಉತ್ತರ ಕೊಡುವವರ ಮುಖವೂ ಕಾಣುತ್ತದೆ. ಪತ್ರದ ಕೊನೆಗೆ ಇರುವುದು ಎರಡೇ ಸಾಲು. ನೋಟಿಸ್ ಅವಧಿ ಮೂರು ತಿಂಗಳು. ಕಲಬುರಗಿಯಲ್ಲಿದ್ದೇನೆ, ಮುಖತಃ ಸಂದರ್ಶನವಿದ್ದರೆ ಎರಡು ದಿನ ಮುಂಚೆ ತಿಳಿಸಿದರೆ ರಾತ್ರಿ ರೈಲು ಹತ್ತಿ ಬರುತ್ತೇನೆ.