ಜುಮ್ಮು ಹೋಯಿತೆಂದರೆ ಮೈಗ್ರೇನ್ ಎಂದಲ್ಲ: ಒಂದು ಸ್ಪಷ್ಟನೆ

"ಒಂದು ಕಡೆ ಕೈ, ಮುಖ ಜುಮ್ಮೆಂದು ಅರ್ಧ ಗಂಟೆಯಲ್ಲಿ ಸರಿಹೋದರೆ ಅದು ಮೈಗ್ರೇನ್, ಸ್ಟ್ರೋಕ್ ಅಲ್ಲ." (ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ)

ಇದು ತಪ್ಪು, ಅಪಾಯಕಾರಿ ಕೂಡ. ತಾತ್ಕಾಲಿಕ ಸ್ಟ್ರೋಕ್ ಆದ ಟಿಐಎ ಕೂಡ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿದುಹೋಗುತ್ತದೆ. ಎಷ್ಟು ಹೊತ್ತು ಇತ್ತು ಅನ್ನುವುದಕ್ಕಿಂತ ಹೇಗೆ ಶುರುವಾಯಿತು ಅನ್ನುವುದೇ ಮುಖ್ಯ.

ಮೈಗ್ರೇನ್ ಇರುವ ಮೂವತ್ತರ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ಮೊದಲು ಕಣ್ಣೆದುರು ಅಂಕುಡೊಂಕು ಮಿಂಚುಗೆರೆ. ಆಮೇಲೆ ಬೆರಳ ತುದಿಯಲ್ಲಿ ಜುಮ್ಮು, ಐದಾರು ನಿಮಿಷಕ್ಕೆ ಮೊಣಕೈ, ಇನ್ನಷ್ಟು ಹೊತ್ತಿಗೆ ತುಟಿ, ನಾಲಿಗೆ. ಜುಮ್ಮು ಹಾದ ಜಾಗ ಮರಗಟ್ಟುತ್ತಾ ಬರುತ್ತದೆ. ಮಿದುಳಿನ ಹೊರಪದರದ ಮೇಲೆ ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ಅಲೆಯೊಂದು ಸಾಗುವುದರಿಂದಲೇ ಈ ನಿಧಾನ.

ಟಿಐಎಯಲ್ಲಿ ರಕ್ತನಾಳ ಕಟ್ಟಿಕೊಂಡ ಕ್ಷಣವೇ ಕೈ, ಮುಖ, ಕೆಲವೊಮ್ಮೆ ಕಾಲೂ ಒಟ್ಟಿಗೆ ಮರಗಟ್ಟುತ್ತವೆ. ಜುಮ್ಮಿಗಿಂತ ಸ್ಪರ್ಶವೇ ತಿಳಿಯದಿರುವುದು ಹೆಚ್ಚು. ತಲೆನೋವು ಇಲ್ಲೂ ಬರಬಹುದು, ಅದು ಬಂತೆಂದು ಮೈಗ್ರೇನೇ ಎಂದು ನಂಬಿ ಕೂರಬೇಡಿ.

ಈ ಗುರುತು ಮನೆಯಲ್ಲೇ ತೀರ್ಮಾನಿಸಲು ಸಾಲದು. ಕೆಲವು ಟಿಐಎಗಳೂ ನಿಧಾನವಾಗಿ ಹರಡುತ್ತವೆ. ಇದೇ ಮೊದಲ ಸಲವಾದರೆ, ವಯಸ್ಸು ಐವತ್ತು ದಾಟಿದ್ದರೆ, ಕೈ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಪೂರ್ತಿ ಸರಿಹೋಗಿದ್ದರೂ ಅವತ್ತೇ ಹೋಗಬೇಕು, ಏಕೆಂದರೆ ದೊಡ್ಡ ಸ್ಟ್ರೋಕ್‌ನ ಅಪಾಯ ಮುಂದಿನ ಎರಡು ದಿನಗಳಲ್ಲೇ ಅತಿ ಹೆಚ್ಚು. ಸ್ಕ್ಯಾನ್‌ಗೆ ಮುಂಚೆ ಆಸ್ಪಿರಿನ್ ನುಂಗಿಸಬೇಡಿ. ಮಿದುಳಿನೊಳಗೆ ರಕ್ತಸ್ರಾವವಾಗಿದ್ದರೆ ಅದು ಹೆಚ್ಚಬಹುದು. ಶುರುವಾದ ಗಂಟೆ, ನಿಮಿಷ ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿ.